7,200ರ ಗೊಡವೆಗೆ ಹೋಗದೆ

ಬ್ಯಾಂಕ್ ಪರೀಕ್ಷೆಗೆ ತಯಾರಾಗುತ್ತಿರುವವರ ರಫ್ ಹಾಳೆ ನೋಡಿದರೆ ಅವರ ಸಮಯ ಎಲ್ಲಿ ಸೋರಿಹೋಯಿತು ಎಂಬುದು ಗೊತ್ತಾಗುತ್ತದೆ. ಪೈ ಚಾರ್ಟ್ ಮತ್ತು ಕೋಷ್ಟಕ ಎರಡೂ ಇರುವ ಡಿಐ ಸೆಟ್ ಎದುರಾದರೆ ಸಾಕು, ಪ್ರಶ್ನೆ ಓದುವ ಮೊದಲೇ ಎಲ್ಲ ಶೇಕಡಾವನ್ನೂ ಸಂಖ್ಯೆಗಳಾಗಿ ಬಿಡಿಸಲು ಶುರು ಮಾಡುತ್ತಾರೆ. ಅದರಲ್ಲಿ ಬಹುಪಾಲು ಲೆಕ್ಕವನ್ನು ಯಾರೂ ಕೇಳಿಯೇ ಇರುವುದಿಲ್ಲ.

ಒಂದು ಸೆಟ್ ಬಿಡಿಸಿಯೇ ನೋಡೋಣ. ಐದು ಕೇಂದ್ರಗಳಲ್ಲಿ ಒಟ್ಟು 7,200 ಮಂದಿ ಪರೀಕ್ಷೆ ಬರೆದಿದ್ದಾರೆ. ಯಾವ ಕೇಂದ್ರದಲ್ಲಿ ಶೇಕಡಾ ಎಷ್ಟು ಮಂದಿ ಎಂಬುದು ಪೈ ಚಾರ್ಟ್‌ನಲ್ಲಿದೆ, ಉಳಿದದ್ದು ಕೋಷ್ಟಕದಲ್ಲಿ. ಓದುವ ಅನುಕೂಲಕ್ಕೆ ಎರಡನ್ನೂ ಒಟ್ಟಿಗೆ ಕೊಟ್ಟಿದ್ದೇನೆ.

| ಕೇಂದ್ರ | ಪಾಲು (ಪೈ) | ಪುರುಷ : ಮಹಿಳೆ | ತೇರ್ಗಡೆ |
|---|---|---|---|
| ಮೈಸೂರು | 25% | 5 : 4 | 30% |
| ಹುಬ್ಬಳ್ಳಿ | 20% | 7 : 5 | 35% |
| ಮಂಗಳೂರು | 15% | 4 : 5 | 40% |
| ಕಲಬುರಗಿ | 30% | 3 : 2 | 25% |
| ಶಿವಮೊಗ್ಗ | 10% | 5 : 3 | 45% |

ಪೂರ್ತಿ ಬಿಡಿಸಲು ಹೊರಟರೆ ಕೇಂದ್ರಕ್ಕೆ ನಾಲ್ಕರಂತೆ 20 ಸಂಖ್ಯೆ ಬರೆಯಬೇಕು. ಅದರ ಬದಲು ಮೊದಲ ಅರ್ಧ ನಿಮಿಷ ಒಂದೇ ವಿಷಯ ನೋಡಿ: ಯಾವ ಶೇಕಡಾ ಯಾವುದರ ಮೇಲೆ? ಇಲ್ಲಿ ಪೈನ ಶೇಕಡಾ 7,200ರ ಮೇಲೆ. ತೇರ್ಗಡೆಯ ಶೇಕಡಾ ಆಯಾ ಕೇಂದ್ರದಲ್ಲಿ ಬರೆದವರ ಮೇಲೆ. ಎರಡು ಚಿತ್ರಗಳನ್ನು ಬೆಸೆಯುವ ಕೊಂಡಿ ಇದೇ.

ಮೊದಲ ಪ್ರಶ್ನೆ: ಕಲಬುರಗಿಯಲ್ಲಿ ತೇರ್ಗಡೆಯಾದವರು ಮಂಗಳೂರಿಗಿಂತ ಶೇಕಡಾ ಎಷ್ಟು ಹೆಚ್ಚು? ಎರಡೂ ಕಡೆ 7,200 ಇರುವುದರಿಂದ ಅದು ಹೊಡೆದುಹೋಗುತ್ತದೆ. ಪಾಲನ್ನು ತೇರ್ಗಡೆಯಿಂದ ಗುಣಿಸಿದರೆ ಸಾಕು. ಕಲಬುರಗಿಗೆ 30 × 25 = 750, ಮಂಗಳೂರಿಗೆ 15 × 40 = 600. ವ್ಯತ್ಯಾಸ 150. ‘ಮಂಗಳೂರಿಗಿಂತ’ ಎಂದು ಕೇಳಿದ್ದರಿಂದ 600ರಿಂದ ಭಾಗಿಸಬೇಕು, ಉತ್ತರ 25%. ಅವಸರದಲ್ಲಿ 750ರಿಂದ ಭಾಗಿಸಿದರೆ 20% ಬರುತ್ತದೆ, ಆಯ್ಕೆಗಳಲ್ಲಿ ಅದೂ ಇರುವ ಸಾಧ್ಯತೆಯೇ ಹೆಚ್ಚು. ‘ಗಿಂತ’ ಎಂಬ ಪ್ರತ್ಯಯ ಯಾವ ಹೆಸರಿಗೆ ಅಂಟಿಕೊಂಡಿದೆಯೋ ಅದೇ ಛೇದ.

ಎರಡನೆಯದು: ಐದೂ ಕೇಂದ್ರ ಸೇರಿ ಒಟ್ಟು ತೇರ್ಗಡೆ ಶೇಕಡಾ ಎಷ್ಟು? 30, 35, 40, 25, 45 ಕೂಡಿಸಿ ಐದರಿಂದ ಭಾಗಿಸಿದರೆ 35 ಸಿಗುತ್ತದೆ. ಇದು ತಪ್ಪು, ಏಕೆಂದರೆ ಎಲ್ಲ ಕೇಂದ್ರದಲ್ಲೂ ಒಂದೇ ಸಂಖ್ಯೆಯ ಜನ ಬರೆದಿಲ್ಲ. ಅತಿ ಹೆಚ್ಚು ಜನ ಬರೆದ ಕಲಬುರಗಿಯಲ್ಲೇ ತೇರ್ಗಡೆ ಅತಿ ಕಡಿಮೆ, ಹಾಗಾಗಿ ನಿಜವಾದ ಉತ್ತರ 35ಕ್ಕಿಂತ ಕೆಳಗೇ ಇರಬೇಕು. ಹಿಂದಿನಂತೆಯೇ ಗುಣಿಸಿ: 750, 700, 600, 750, 450. ಮೊತ್ತ 3,250, ಅಂದರೆ 32.5%. ಇಲ್ಲಿಯೂ 7,200 ಬೇಕಾಗಲಿಲ್ಲ. ತೇರ್ಗಡೆಯಾದವರ ಸಂಖ್ಯೆಯನ್ನೇ ಕೇಳಿದ್ದರೆ ಮಾತ್ರ 1% ಅಂದರೆ 72 ಎಂದು ಹಾಳೆಯ ಮೂಲೆಯಲ್ಲಿ ಬರೆದುಕೊಂಡು, 32.5 × 72 = 2,340 ಎಂದು ಕೊನೆಯಲ್ಲಿ ಒಮ್ಮೆ ಗುಣಿಸಿದರಾಯಿತು. ಪೈ ಡಿಗ್ರಿಯಲ್ಲಿದ್ದರೂ ದಾರಿ ಇದೇ: 7,200ನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ 20 ಮಂದಿ.

ಕೆಲವು ಸೆಟ್‌ಗಳಲ್ಲಿ ಸಂಖ್ಯೆಗಳು ಇಷ್ಟು ಸಲೀಸಾಗಿರುವುದಿಲ್ಲ. ಆಗ ಮೊದಲು ಆಯ್ಕೆಗಳತ್ತ ಕಣ್ಣು ಹಾಯಿಸಿ. 1,386ರಲ್ಲಿ 437 ಶೇಕಡಾ ಎಷ್ಟು ಎಂಬ ಪ್ರಶ್ನೆಗೆ 24, 31.5, 38, 45 ಎಂಬ ಆಯ್ಕೆಗಳಿದ್ದರೆ ಭಾಗಾಕಾರವೇ ಬೇಡ. ಎರಡನ್ನೂ ಒಂದೇ ದಿಕ್ಕಿಗೆ ಸ್ವಲ್ಪ ಏರಿಸಿ 440, 1,400 ಮಾಡಿಕೊಂಡರೆ ಸುಮಾರು 31.4 ಬರುತ್ತದೆ. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿದರೆ ತಪ್ಪು ಇಮ್ಮಡಿಯಾಗುತ್ತದೆ: 450, 1,350 ಎಂದು ಹಿಡಿದರೆ 33.3ಕ್ಕೆ ಹೋಗಿ ನಿಲ್ಲುತ್ತೀರಿ. ಆಯ್ಕೆಗಳು 31.2, 31.5, 31.9 ಎಂದು ಒತ್ತೊತ್ತಾಗಿದ್ದರೆ ಮಾತ್ರ ಈ ಉಪಾಯ ಬಿಟ್ಟು ಪೂರ್ತಿ ಭಾಗಿಸಲೇಬೇಕು.

ಇನ್ನೊಂದು ಪ್ರಶ್ನೆ ಚೆನ್ನಾಗಿ ಓದಿದವರನ್ನೂ ಬೀಳಿಸುತ್ತದೆ. ಮಂಗಳೂರಿನಲ್ಲಿ ತೇರ್ಗಡೆಯಾದ ಮಹಿಳೆಯರು ಎಷ್ಟು? 15% ಅಂದರೆ 1,080 ಮಂದಿ, ಅದರ 40% ಅಂದರೆ 432, ಅದರಲ್ಲಿ ಒಂಬತ್ತರಲ್ಲಿ ಐದು ಪಾಲು ಮಹಿಳೆಯರು, ಹಾಗಾಗಿ 240. ಉತ್ತರ ಪೂರ್ಣಾಂಕವಾಗಿ ಬಂದಿತೆಂದು ಕೈ ತಾನಾಗಿ ಅದಕ್ಕೇ ಗುರುತು ಹಾಕಿಬಿಡುತ್ತದೆ. ಆದರೆ 4 : 5 ಎಂಬುದು ಪರೀಕ್ಷೆ ಬರೆದವರ ಅನುಪಾತ. ತೇರ್ಗಡೆಯಾದವರಲ್ಲೂ ಅದೇ ಅನುಪಾತವಿದೆ ಎಂದು ಪ್ರಶ್ನೆಪತ್ರಿಕೆ ಎಲ್ಲಿಯೂ ಹೇಳಿಲ್ಲ. ಆ 432 ಮಂದಿಯಲ್ಲಿ 300 ಮಹಿಳೆಯರಿರಬಹುದು, 150 ಇರಬಹುದು. ಸರಿಯುತ್ತರ ‘ಕೊಟ್ಟ ಮಾಹಿತಿ ಸಾಲದು’. ಶೀರ್ಷಿಕೆಗಳ ಮೇಲೆ ಕಳೆದ ಆ ಅರ್ಧ ನಿಮಿಷ ದುಡಿಯುವುದು ಇಲ್ಲಿ: ಅನುಪಾತದ ಪಕ್ಕ ‘ಬರೆದವರು’ ಎಂದು ಪೆನ್ಸಿಲಿನಲ್ಲಿ ಗೀಚಿಕೊಂಡಿದ್ದವರು 240ರ ಕಡೆಗೆ ಹೋಗುವುದಿಲ್ಲ.