ಶೇಷವೇ ಸುಳಿವು

2x³ + ax² + bx + 6 ಎಂಬ ಬಹುಪದೋಕ್ತಿಯಲ್ಲಿ ಎರಡು ಸಹಗುಣಕಗಳು ಮರೆಯಾಗಿವೆ. ಇದನ್ನು (x − 3) ನಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. (X + 1) ನಿಂದ ಭಾಗಿಸಿದರೆ 12 ಉಳಿಯುತ್ತದೆ. ಹಾಗಾದರೆ a ಎಷ್ಟು, b ಎಷ್ಟು? ಪ್ರೌಢಶಾಲೆಯಲ್ಲಿ ಬೀಜಗಣಿತ ಕಲಿತವರು ಇಂಥ ಲೆಕ್ಕವನ್ನು ಒಂದಲ್ಲ ಒಂದು ರೂಪದಲ್ಲಿ ಕಂಡೇ ಇರುತ್ತಾರೆ. ಸಮೀಕರಣ ಬರೆದು, ಬಿಡಿಸಿ, ಅಂಕ ಪಡೆದು ಮುಂದೆ ಹೋದವರೂ ಬಹಳ. ಆದರೆ ಭಾಗಿಸಿದ ಮೇಲೆ ಉಳಿಯುವ ಒಂದು ಚಿಕ್ಕ ಸಂಖ್ಯೆ, ಕಾಣದ ಸಹಗುಣಕಗಳ ಬಗ್ಗೆ ಇಷ್ಟೊಂದು ಹೇಳುವುದಾದರೂ ಹೇಗೆ?

ಉತ್ತರ ಇರುವುದು ಭಾಗಾಕಾರದ ನಿಯಮದಲ್ಲೇ. ಭಾಜ್ಯವೆಂದರೆ ಭಾಜಕವನ್ನು ಭಾಗಲಬ್ಧದಿಂದ ಗುಣಿಸಿ ಶೇಷವನ್ನು ಕೂಡಿದ ಮೊತ್ತ. ಸಂಖ್ಯೆಗಳಿಗೆ ಇದು ಹೇಗೋ ಬಹುಪದೋಕ್ತಿಗಳಿಗೂ ಹಾಗೆಯೇ. ಭಾಜ್ಯ p(x), ಭಾಜಕ (x − k) ಆದಾಗ

p(x) = (x − k) · q(x) + r

ಎಂದು ಬರೆಯಬಹುದು. ಶೇಷದ ಘಾತ ಭಾಜಕದ ಘಾತಕ್ಕಿಂತ ಕಡಿಮೆ ಇರಲೇಬೇಕು. ಇಲ್ಲಿ ಭಾಜಕದ ಘಾತ 1. ಆದ್ದರಿಂದ r ಒಂದು ಬರಿಯ ಸಂಖ್ಯೆ, ಅದರಲ್ಲಿ x ಇರುವುದಿಲ್ಲ. ಈಗ x ಇರುವಲ್ಲೆಲ್ಲ k ಹಾಕಿದರೆ ಮೊದಲ ಆವರಣ ಸೊನ್ನೆಯಾಗುತ್ತದೆ. q(x) ಏನೇ ಆಗಿರಲಿ, ಸೊನ್ನೆಯಿಂದ ಗುಣಿಸಿದ ಮೇಲೆ ಅದು ಉಳಿಯುವುದಿಲ್ಲ. ಉಳಿಯುವುದು p(k) = r ಮಾತ್ರ. ಇದೇ ಶೇಷ ಪ್ರಮೇಯ. ಶೇಷ ಸೊನ್ನೆಯಾದಾಗ (x − k) ಒಂದು ಅಪವರ್ತನವಾಗುತ್ತದೆ. ಅದು ಅಪವರ್ತನ ಪ್ರಮೇಯ. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಕೃತಿಯಲ್ಲೇ ಸಮೀಕರಣದ ಮೂಲಕ್ಕೂ ಅಂಥ ಭಾಜಕಕ್ಕೂ ಇರುವ ಈ ನಂಟನ್ನು ಹೇಳಿದ್ದಾನೆ.

ಹೀಗಾಗಿ ಮೇಲಿನ ಲೆಕ್ಕಕ್ಕೆ ಉದ್ದನೆಯ ಭಾಗಾಕಾರ ಬೇಕಿಲ್ಲ. (x − 3) ಅಪವರ್ತನ ಎಂದರೆ p(3) = 0. x ಜಾಗದಲ್ಲಿ 3 ಹಾಕಿದರೆ 54 + 9a + 3b + 6 = 0, ಅಂದರೆ 3a + b = −20. ಇನ್ನು (x + 1) ಎಂಬುದು x − (−1). ಹಾಗಾಗಿ ಹಾಕಬೇಕಾದ ಬೆಲೆ −1. ಆಗ −2 + a − b + 6 = 12, ಅಂದರೆ a − b = 8. ಎರಡು ಸಮೀಕರಣಗಳನ್ನು ಕೂಡಿದರೆ b ಹೊರಟುಹೋಗಿ 4a = −12 ಆಗುತ್ತದೆ. a = −3, b = −11. ಬಹುಪದೋಕ್ತಿ ಈಗ ಪೂರ್ತಿಯಾಯಿತು: 2x³ − 3x² − 11x + 6. ಇದನ್ನು (x − 3) ನಿಂದ ಭಾಗಿಸಿದರೆ 2x² + 3x − 2 ಬರುತ್ತದೆ, ಅದು (2x − 1)(x + 2) ಎಂದು ಒಡೆಯುತ್ತದೆ.

ಇಲ್ಲಿ ನಡೆದದ್ದನ್ನು ಗಮನಿಸಬೇಕು. x ಮೂರನೇ ಘಾತದಲ್ಲಿದ್ದರೂ ನಮಗೆ ಸಿಕ್ಕ ಸಮೀಕರಣಗಳಲ್ಲಿ a, b ಎರಡೂ ಮೊದಲನೇ ಘಾತದಲ್ಲೇ ಇವೆ. x ಗೆ ಬೆಲೆ ಕೊಟ್ಟ ಕೂಡಲೇ ಘನ, ವರ್ಗ ಎಲ್ಲ ಬರಿಯ ಸಂಖ್ಯೆಗಳಾಗಿಬಿಡುತ್ತವೆ. ಆದ್ದರಿಂದ ಒಂದು ಶೇಷ ತಿಳಿದರೆ ಒಂದು ಸರಳ ಸಮೀಕರಣ ಸಿಕ್ಕಂತೆ. ಎರಡು ಅಜ್ಞಾತಗಳಿಗೆ ಎರಡು ಸುಳಿವು, ನಾಲ್ಕೂ ಸಹಗುಣಕ ಗೊತ್ತಿಲ್ಲದಿದ್ದರೆ ನಾಲ್ಕು.

ಲೆಕ್ಕ ಹೆಚ್ಚಾಗಿ ಕೆಡುವುದು ಚಿಹ್ನೆಯಲ್ಲಿ. (x + 1) ನೋಡಿ −1ರ ಬದಲು 1 ಹಾಕಿದರೆ ಏನಾಗುತ್ತದೆ? 2 + a + b + 6 = 12, ಅಂದರೆ a + b = 4. ಇದನ್ನು 3a + b = −20 ಜೊತೆ ಬಿಡಿಸಿದರೆ a = −12, b = 16. ಭಿನ್ನರಾಶಿಯಿಲ್ಲ, ಅಚ್ಚುಕಟ್ಟಾದ ಪೂರ್ಣಾಂಕಗಳು. ಉತ್ತರ ನೋಡಿದರೆ ಅನುಮಾನವೇ ಬರುವುದಿಲ್ಲ. 3 ಹಾಕಿ ತಾಳೆ ನೋಡಿದರೂ 54 − 108 + 48 + 6 ಸೇರಿ ಸೊನ್ನೆಯೇ ಬರುತ್ತದೆ, ಏಕೆಂದರೆ ಆ ಸಮೀಕರಣವನ್ನು ಸರಿಯಾಗಿಯೇ ಬರೆಯಲಾಗಿತ್ತು. ತಪ್ಪು ಹೊರಬೀಳುವುದು ಎರಡನೇ ಷರತ್ತನ್ನು ನಿಜವಾಗಿ ಭಾಗಿಸಿ ನೋಡಿದಾಗ: 2x³ − 12x² + 16x + 6 ಅನ್ನು (x + 1) ನಿಂದ ಭಾಗಿಸಿದರೆ ಉಳಿಯುವುದು 12 ಅಲ್ಲ, −24. ಒಂದು ಷರತ್ತನ್ನು ಮಾತ್ರ ತಾಳೆ ನೋಡಿ ಬಿಟ್ಟರೆ ಈ ತಪ್ಪು ಸಿಗುವುದಿಲ್ಲ. ಅದೇ ಬೆಲೆಯನ್ನು ಮತ್ತೆ ಆದೇಶಿಸಿ ನೋಡಿದರೂ ಸಾಲದು, ಮೊದಲು ಮಾಡಿದ ತಪ್ಪೇ ಮರುಕಳಿಸಬಹುದು. ಭಾಗಾಕಾರ ಬೇರೆ ದಾರಿ, ಹಾಗಾಗಿ ಅದು ನಂಬಬಹುದಾದ ಸಾಕ್ಷಿ.

ಭಾಜಕ (2x − 1) ಆಗಿದ್ದರೆ ಹಾಕಬೇಕಾದ ಬೆಲೆ 1 ಅಲ್ಲ, ½. ಭಾಜಕವನ್ನು ಸೊನ್ನೆ ಮಾಡುವ ಬೆಲೆ ಯಾವುದೋ ಅದನ್ನೇ ಹಾಕಬೇಕು ಎಂಬ ಒಂದೇ ನಿಯಮ ಎಲ್ಲ ಕಡೆಗೂ ಸಾಕು.

ಸುಳಿವುಗಳನ್ನು ಎಣಿಸುವುದರಲ್ಲಿ ಇದಕ್ಕಿಂತ ಸೂಕ್ಷ್ಮವಾದ ತೊಡಕುಗಳಿವೆ. ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಎರಡು ಸುಳಿವು ಅಡಗಿರುತ್ತವೆ. x³ + ax + b ಎಂಬುದು (x − 1)² ನಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ಕೊಟ್ಟಿದ್ದಾರೆ ಎನ್ನಿ. 1 ಹಾಕಿದರೆ 1 + a + b = 0 ಎಂಬ ಒಂದೇ ಸಮೀಕರಣ ಸಿಗುತ್ತದೆ; ಮತ್ತೊಮ್ಮೆ 1 ಹಾಕಿದರೆ ಹೊಸದೇನೂ ಸಿಗದು. ಇಲ್ಲಿ ಎರಡು ಸಲ ಭಾಗಿಸಬೇಕು. ಮೊದಲ ಸಲ (x − 1) ನಿಂದ ಭಾಗಿಸಿದಾಗ ಭಾಗಲಬ್ಧ x² + x + (1 + a). ಇದೂ (x − 1) ನಿಂದ ಭಾಗವಾಗಬೇಕಾದ್ದರಿಂದ ಇದರಲ್ಲಿ 1 ಹಾಕಿದಾಗ ಸೊನ್ನೆ ಬರಬೇಕು: 3 + a = 0. ಹೀಗೆ a = −3, b = 2. ಗುಣಿಸಿ ನೋಡಿದರೆ (x − 1)²(x + 2) = x³ − 3x + 2, ಸರಿಯಾಗಿದೆ.

ಇದಕ್ಕೆ ತದ್ವಿರುದ್ಧವಾಗಿ ಎರಡು ಸುಳಿವು ಸೇರಿ ಒಂದೇ ಆಗುವುದೂ ಉಂಟು. ax³ + bx + 5 ಎಂಬುದನ್ನು (x − 1) ನಿಂದ ಭಾಗಿಸಿದಾಗ ಶೇಷ 8, (x + 1) ನಿಂದ ಭಾಗಿಸಿದಾಗ ಶೇಷ 2 ಎನ್ನಿ. ಮೊದಲನೆಯದು a + b = 3 ಎನ್ನುತ್ತದೆ, ಎರಡನೆಯದೂ a + b = 3 ಎಂದೇ ಹೇಳುತ್ತದೆ. a, b ಯನ್ನು ಬೇರ್ಪಡಿಸಲು ಇದರಿಂದ ಸಾಧ್ಯವಿಲ್ಲ; a = 1, b = 2 ಆಗಬಹುದು, a = 10, b = −7 ಕೂಡ ಆಗಬಹುದು. ಇದಕ್ಕೆ ಕಾರಣವಿದೆ. ಇಲ್ಲಿ x² ಪದವಿಲ್ಲ, 1ರ ಬದಲು −1 ಹಾಕಿದಾಗ x³ ಮತ್ತು x ಎರಡರ ಚಿಹ್ನೆಯೂ ಬದಲಾಗುತ್ತದೆ. ಹಾಗಾಗಿ ಎರಡು ಶೇಷಗಳ ಮೊತ್ತ ಯಾವಾಗಲೂ 10. ಎರಡನೇ ಶೇಷ 3 ಎಂದು ಕೊಟ್ಟಿದ್ದರೆ ಮೊತ್ತ 11 ಆಗಿ, ಅಂಥ ಬಹುಪದೋಕ್ತಿಯೇ ಇಲ್ಲವಾಗುತ್ತಿತ್ತು. ಸಮೀಕರಣ ಬಿಡಿಸುವಾಗ 0 = 0 ಎಂದು ಬಂದರೆ ಸುಳಿವು ಸಾಲದು ಎಂದರ್ಥ; 0 = 1 ಎಂಬಂಥದ್ದು ಬಂದರೆ ಸುಳಿವುಗಳು ಒಂದನ್ನೊಂದು ಅಲ್ಲಗಳೆಯುತ್ತಿವೆ ಎಂದರ್ಥ.

ನಾಲ್ಕು ಸಹಗುಣಕಗಳೂ ಗೊತ್ತಿಲ್ಲದ ಘನ ಬಹುಪದೋಕ್ತಿಗೆ ಮಾತ್ರ ಈ ಭಯವಿಲ್ಲ. ಬೇರೆ ಬೇರೆ ನಾಲ್ಕು k ಗಳಿಗೆ ಶೇಷ ಕೊಟ್ಟರೆ, ಮೂರನ್ನು ಮೀರದ ಘಾತದ ಒಂದೇ ಒಂದು ಬಹುಪದೋಕ್ತಿ ಅವುಗಳಿಗೆ ಹೊಂದುತ್ತದೆ. ಮೂರೇ ಶೇಷ ಗೊತ್ತಿದ್ದರೆ ಹೊಂದುವ ಬಹುಪದೋಕ್ತಿಗಳಿಗೆ ಲೆಕ್ಕವಿಲ್ಲ. ನಾಲ್ಕಕ್ಕೂ ಮೂರಕ್ಕೂ ನಡುವಿನ ಈ ಅಂತರವನ್ನು ಗುಟ್ಟು ಕಾಪಾಡಲು ಬಳಸಬಹುದು ಎಂದು ತೋರಿಸಿದವನು ಇಸ್ರೇಲಿನ ಗಣಿತಜ್ಞ ಆದಿ ಶಮೀರ್. 1979ರಲ್ಲಿ ಪ್ರಕಟವಾದ ಅವನ ಚಿಕ್ಕ ಲೇಖನದ ಆರಂಭದಲ್ಲಿ ಒಂದು ಸಮಸ್ಯೆಯಿದೆ: ಹನ್ನೊಂದು ವಿಜ್ಞಾನಿಗಳಲ್ಲಿ ಯಾರಾದರೂ ಆರು ಮಂದಿ ಸೇರಿದರೆ ಮಾತ್ರ ಕಪಾಟು ತೆರೆಯಬೇಕು. ಬೀಗಗಳಿಂದಲೇ ಇದನ್ನು ಸಾಧಿಸಲು 462 ಬೀಗ, ಒಬ್ಬೊಬ್ಬರಿಗೆ 252 ಕೀಲಿ ಬೇಕು. ಬಹುಪದೋಕ್ತಿ ಬಳಸಿದರೆ ಒಬ್ಬೊಬ್ಬರಿಗೆ ಒಂದೊಂದು ಶೇಷ ಸಾಕು.

ನಾಲ್ವರು ಸೇರಿದರೆ ತಿಳಿಯಬೇಕಾದ ಗುಟ್ಟಿಗೆ ಘನ ಬಹುಪದೋಕ್ತಿ ಬೇಕು. ಗುಟ್ಟು 5 ಎಂದಿಟ್ಟುಕೊಂಡು x³ − 2x² + 4x + 5 ಎಂಬುದನ್ನು ಆರಿಸೋಣ, ಗುಟ್ಟು ಸ್ಥಿರಪದದಲ್ಲಿದೆ. (x − 1), (x − 2), (x − 3), (x − 4), (x − 5) ಇವುಗಳಿಂದ ಭಾಗಿಸಿದಾಗ ಶೇಷ ಕ್ರಮವಾಗಿ 8, 13, 26, 53, 100. ಐವರಿಗೆ ಒಂದೊಂದು ಪಾಲು ಹಂಚಿ ಬಹುಪದೋಕ್ತಿಯನ್ನು ಅಳಿಸಿಬಿಡುತ್ತಾರೆ. ಮೊದಲ ನಾಲ್ವರು ಸೇರಿದಾಗ ನಾಲ್ಕು ಸಮೀಕರಣ ಬಿಡಿಸಬಹುದು. ಸ್ಥಿರಪದವಷ್ಟೇ ಬೇಕಿದ್ದರೆ ಅಷ್ಟೂ ಬೇಡ: ಮೊದಲ ಪಾಲಿನ ನಾಲ್ಕರಷ್ಟರಿಂದ ಎರಡನೆಯದರ ಆರರಷ್ಟನ್ನು ಕಳೆದು, ಮೂರನೆಯದರ ನಾಲ್ಕರಷ್ಟನ್ನು ಕೂಡಿ, ನಾಲ್ಕನೆಯದನ್ನು ಕಳೆದರೆ ಸಾಕು. 32 − 78 + 104 − 53 = 5. ಮೂವರೇ ಇದ್ದರೆ ಅವರ ಕೈಯಲ್ಲಿರುವುದು 58 − (ನಾಲ್ಕನೇ ಪಾಲು) ಮಾತ್ರ. ಆ ಪಾಲು ಏನು ಬೇಕಾದರೂ ಇರಬಹುದು, ಹಾಗೆಯೇ ಗುಟ್ಟೂ. ನಿಜವಾದ ಬಳಕೆಯಲ್ಲಿ ಸಹಗುಣಕಗಳನ್ನು ಯಾದೃಚ್ಛಿಕವಾಗಿ ಆರಿಸಿ, ಲೆಕ್ಕವನ್ನೆಲ್ಲ ಒಂದು ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಂಡೇ ಮಾಡುತ್ತಾರೆ. ಇಲ್ಲದಿದ್ದರೆ ಸಂಖ್ಯೆಗಳ ಗಾತ್ರ ನೋಡಿಯೇ ಗುಟ್ಟು ಎಷ್ಟರೊಳಗಿದೆ ಎಂದು ಊಹಿಸಲು ದಾರಿಯಾಗುತ್ತದೆ.

ನಾಲ್ಕನೆಯವನು 53ರ ಬದಲು 50 ಎಂದು ಸುಳ್ಳು ಹೇಳಿದರೆ? ಲೆಕ್ಕ ಎಲ್ಲೂ ಮುಗ್ಗರಿಸದೆ 8 ಎಂಬ ತಪ್ಪು ಗುಟ್ಟನ್ನು ಕೊಡುತ್ತದೆ. ಯಾವ ನಾಲ್ಕು ಶೇಷ ಕೊಟ್ಟರೂ ಒಂದು ಬಹುಪದೋಕ್ತಿ ಹೊಂದಿಯೇ ಹೊಂದುತ್ತದಲ್ಲ! ಆಗ ಐದನೆಯವನನ್ನು ಕರೆಯಬೇಕು. ಮೇಲಿನ ಸೂತ್ರವನ್ನೇ ತಿರುಗಿಸಿ ಹಚ್ಚಿದರೆ ಐದನೇ ಪಾಲು 200 − 156 + 52 − 8, ಅಂದರೆ 88 ಇರಬೇಕಿತ್ತು. ಅವನ ಚೀಟಿಯಲ್ಲಿರುವುದು 100. ಯಾರೋ ತಪ್ಪು ಹೇಳಿದ್ದಾರೆ ಎಂಬುದು ಇಷ್ಟರಿಂದ ಖಚಿತ. ಆದರೆ ಯಾರು ಎಂಬುದು ಐದು ಪಾಲುಗಳಿಂದ ಗೊತ್ತಾಗದು, ಏಕೆಂದರೆ ಅವುಗಳಲ್ಲಿ ಯಾವ ಒಂದನ್ನು ಬಿಟ್ಟರೂ ಉಳಿದ ನಾಲ್ಕಕ್ಕೆ ಒಂದು ಬಹುಪದೋಕ್ತಿ ಹೊಂದುತ್ತದೆ. ಒಬ್ಬನೇ ತಪ್ಪಿತಸ್ಥನಿದ್ದರೆ ಅವನನ್ನು ಗುರುತಿಸಲು ಆರನೇ ಪಾಲು ಬೇಕು: ಆಗ ಅವನೊಬ್ಬನನ್ನು ಬಿಟ್ಟಾಗ ಮಾತ್ರ ಉಳಿದ ಐದೂ ಒಂದೇ ಘನ ಬಹುಪದೋಕ್ತಿಗೆ ಹೊಂದುತ್ತವೆ.