ವಿಠಲನ ‘ಲ’ ಬಂದರೆ ಏನು ಮಾಡುವುದು? ಭಕ್ತಿಗೀತೆಗಳ ಅಂತ್ಯಾಕ್ಷರಿಗೆ ಒಂದಿಷ್ಟು ನಿಯಮ

ಹಬ್ಬದ ಊಟ ಮುಗಿದಿದೆ. ನಡುಮನೆಯಲ್ಲಿ ಜಮಖಾನ ಹಾಸಿ, ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಇಪ್ಪತ್ತು-ಇಪ್ಪತ್ತೈದು ಮಂದಿ ಕುಳಿತಿದ್ದಾರೆ. ಯಾರೋ ಅಂತ್ಯಾಕ್ಷರಿ ಆಡೋಣ ಎನ್ನುತ್ತಾರೆ. ಸಿನಿಮಾ ಹಾಡು ಬೇಡ, ದೇವರ ಹಾಡೇ ಆಗಲಿ ಎಂದು ಅಜ್ಜಿ ಹೇಳುತ್ತಾರೆ. ಎಲ್ಲರೂ ಒಪ್ಪುತ್ತಾರೆ. ಆದರೆ ಕಾಲು ಗಂಟೆಯಲ್ಲೇ ಆಟ ನಿಂತುಹೋಗುತ್ತದೆ. ಹಾಡು ಬರದ್ದರಿಂದ ಹೀಗಾಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾದ ತೊಡಕು ಇರುವುದು ಅಕ್ಷರದಲ್ಲಿ.

ಅಂತ್ಯಾಕ್ಷರಿ ಎಂದರೆ ಕೊನೆಯ ಅಕ್ಷರದ ಆಟ. ಒಬ್ಬರ ಹಾಡು ಮುಗಿದ ಅಕ್ಷರದಿಂದ ಇನ್ನೊಬ್ಬರ ಹಾಡು ಶುರುವಾಗಬೇಕು. ಸಿನಿಮಾ ಹಾಡಿಗೆ ಇದು ಸಲೀಸು. ದಾಸರ ಪದಗಳಲ್ಲಿ ಮಾತ್ರ ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ. ಪುರಂದರದಾಸರದು ಪುರಂದರ ವಿಠಲ, ವಿಜಯದಾಸರದು ವಿಜಯ ವಿಠಲ, ಗೋಪಾಲದಾಸರದು ಗೋಪಾಲ ವಿಠಲ, ಜಗನ್ನಾಥದಾಸರದು ಜಗನ್ನಾಥ ವಿಠಲ. ಹಾಡು ಅಂಕಿತದಲ್ಲೇ ಮುಗಿದರೆ ಎದುರು ಗುಂಪಿಗೆ ಸಿಗುವುದು ಮತ್ತೆ ಮತ್ತೆ ‘ಲ’. ಲಕ್ಷ್ಮಿಯ ಒಂದು ಹಾಡು, ಒಂದು ಲಾಲಿ, ಲಿಂಗದ ಮೇಲೊಂದು ಪದ ಆಗುವಷ್ಟರಲ್ಲಿ ಬಹಳಷ್ಟು ಮನೆಗಳ ಸಂಗ್ರಹ ಬರಿದಾಗುತ್ತದೆ.

ಅಂಕಿತದಲ್ಲೇ ಮುಗಿಯದ ಕಡೆಯಲ್ಲೂ ತೊಂದರೆ ತಪ್ಪದು. ಶುಕ್ರವಾರದ ಪೂಜೆಯಲ್ಲಿ ಹಾಡುವ, ಲಕ್ಷ್ಮಿಯನ್ನು ಮನೆಗೆ ಕರೆಯುವ ಪುರಂದರದಾಸರ ಕೀರ್ತನೆ ಎಲ್ಲರಿಗೂ ಗೊತ್ತು. ಅದರ ಕೊನೆಯ ಚರಣ ಮುಗಿಯುವುದು ‘ಣಿ’ ಅಕ್ಷರದಲ್ಲಿ. ‘ಣ’ಕಾರದಿಂದ ಶುರುವಾಗುವ ಹಾಡನ್ನು ಯಾರು ಎಲ್ಲಿಂದ ತರಬೇಕು?

ಆದ್ದರಿಂದ ಮೊದಲ ನಿಯಮ ಇದು: ಕೀರ್ತನೆಯಾದರೆ ಪಲ್ಲವಿಯ ಮೊದಲ ಸಾಲಿನ ಕೊನೆಯ ಅಕ್ಷರವನ್ನೇ ಹಿಡಿಯಬೇಕು. ಚರಣ ಹಾಡಿದ ಮೇಲೆ ಹೇಗೂ ಪಲ್ಲವಿಗೆ ಮರಳುವುದು ವಾಡಿಕೆ. ಹೀಗಾಗಿ ಈ ನಿಯಮ ಹಾಡುವವರಿಗೆ ಸಹಜವಾಗಿಯೇ ಇರುತ್ತದೆ. ವಚನಕ್ಕೆ ಪಲ್ಲವಿ ಇಲ್ಲ. ಅಲ್ಲಿ ಕೊನೆಯ ಪದದ ಅಕ್ಷರ ಹಿಡಿಯಬೇಕು. ವಚನ ಅಂಕಿತದಲ್ಲೇ ಮುಗಿದರೆ ಅಂಕಿತ ಬಿಟ್ಟು ಅದರ ಹಿಂದಿನ ಪದಕ್ಕೆ ಹೋಗಬೇಕು. ಇಲ್ಲದಿದ್ದರೆ ಕೂಡಲಸಂಗಮದೇವನಿಂದ ಬರೀ ‘ವ’, ಚೆನ್ನಮಲ್ಲಿಕಾರ್ಜುನನಿಂದ ಬರೀ ‘ನ’ ಬರುತ್ತಿರುತ್ತದೆ.

ಎರಡನೆಯ ನಿಯಮ ಅಕ್ಷರಗಳಿಗೆ ಸಂಬಂಧಿಸಿದ್ದು. ಕಾಗುಣಿತ ಲೆಕ್ಕಕ್ಕಿಲ್ಲ, ಮಿ, ಮು, ಮೋ ಎಲ್ಲವೂ ‘ಮ’ವೇ. ‘ಣ’ ಬಂದರೆ ‘ನ’, ‘ಳ’ ಬಂದರೆ ‘ಲ’ ಎಂದು ತಿಳಿಯಬೇಕು. ಮಹಾಪ್ರಾಣಕ್ಕೆ ಬದಲು ಅಲ್ಪಪ್ರಾಣ ನಡೆಯುತ್ತದೆ. ಶ, ಷ, ಸ ಮೂರೂ ಒಂದೇ. ಒತ್ತಕ್ಷರ ಬಂದರೆ ಒತ್ತನ್ನು ಬಿಟ್ಟು ಮೇಲಿನ ಅಕ್ಷರ ಹಿಡಿಯಬೇಕು. ಇಷ್ಟನ್ನು ಆಟಕ್ಕೆ ಮೊದಲೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ನಡುವೆ ಜಗಳ ಬರುವುದಿಲ್ಲ.

ಈ ನಿಯಮಗಳಿಂದ ಆಟ ಹೇಗೆ ಸಾಗುತ್ತದೆ ನೋಡೋಣ. ಮೊದಲ ಗುಂಪು ಅದೇ ಲಕ್ಷ್ಮಿಯ ಕೀರ್ತನೆಯನ್ನು ಹಾಡಿತು. ಪಲ್ಲವಿ ‘ಮ್ಮ’ದಲ್ಲಿ ಮುಗಿಯುವುದರಿಂದ ‘ಮ’ ಬಂತು. ಎರಡನೆಯ ಗುಂಪು ಮನಸ್ಸನ್ನು ದಿನವೂ ಶೋಧಿಸಿಕೊಳ್ಳಬೇಕೆನ್ನುವ ಪುರಂದರದಾಸರ ಪದ ಎತ್ತಿಕೊಂಡಿತು. ಅದರ ಸಾಲು ‘ತ್ಯ’ದಲ್ಲಿ ಮುಗಿದು ‘ತ’ ಸಿಕ್ಕಿತು. ಮೂರನೆಯ ಗುಂಪಿನದು ತಂಬೂರಿ ಮೀಟಿದವನನ್ನು ಕುರಿತ ದಾಸರ ಪದ. ಅದು ‘ವ’ದಲ್ಲಿ ನಿಂತಿತು. ನಾಲ್ಕನೆಯ ಗುಂಪಿನ ಹುಡುಗಿಗೆ ಶಾಲೆಯಲ್ಲಿ ಕಲಿತ ಬಸವಣ್ಣನವರ ವಚನ ನೆನಪಾಯಿತು. ಮಾತು, ಕಣ್ಣು, ಮನ, ಕಿವಿಗಳೆಲ್ಲ ದೇವರಿಂದ ತುಂಬಿದವೆಂದು ಹೇಳುತ್ತ, ಕೊನೆಗೆ ‘ತುಂಬಿ’ ಎಂಬ ಪದವನ್ನೇ ದುಂಬಿಯನ್ನಾಗಿ ಮಾಡುವ ವಚನ ಅದು. ಅಂಕಿತ ಕೊನೆಗಿಲ್ಲದ್ದರಿಂದ ಕೊನೆಯ ಪದವೇ ಲೆಕ್ಕಕ್ಕೆ ಬಂದು ‘ಬ’ ದೊರೆಯಿತು. ಬಾಗಿಲು ತೆರೆಯೆಂದು ಹರಿಯನ್ನು ಬೇಡುವ ಕನಕದಾಸರ ಕೀರ್ತನೆಗೆ ದಾರಿಯಾಯಿತು. ದಾಸರ ಪದವೂ ವಚನವೂ ಒಂದೇ ಸರಪಳಿಯಲ್ಲಿ ಕೂಡಿಕೊಂಡವು. ಬೇರೆ ಬೇರೆ ಸಂಪ್ರದಾಯದ ಮನೆಗಳಿಂದ ಬಂದ ಸೊಸೆ ಅಳಿಯಂದಿರು ಇರುವಲ್ಲಿ ಇದು ಮುಖ್ಯ. ದಾಸರ ಪದ ಮಾತ್ರ ಎಂದರೆ ಅರ್ಧ ಮನೆ ಸುಮ್ಮನೆ ಕೂರಬೇಕಾಗುತ್ತದೆ.

ಗುಂಪು ಮಾಡುವಾಗ ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಹಂಚುವುದು ಸರಿಯಲ್ಲ. ಹಾಡು ಬಲ್ಲ ಹಿರಿಯರನ್ನು ಗುಂಪಿಗೊಬ್ಬರಂತೆ ಮೊದಲು ಕೂರಿಸಿ, ಅನಂತರ ಮಕ್ಕಳನ್ನು ಹಂಚಬೇಕು. ಇಪ್ಪತ್ತನಾಲ್ಕು ಜನರಿದ್ದರೆ ಆರಾರು ಮಂದಿಯ ನಾಲ್ಕು ಗುಂಪು ಸಾಕು. ಒಬ್ಬರೇ ಸತತ ಎರಡು ಬಾರಿ ಹಾಡುವಂತಿಲ್ಲ. ಪಲ್ಲವಿಯೊಂದಿಗೆ ಒಂದು ಚರಣವನ್ನಾದರೂ ಹಾಡಬೇಕು. ಯೋಚಿಸಲು ಅರ್ಧ ನಿಮಿಷ.

ಅಕ್ಷರದ ಸುತ್ತು ಅರ್ಧ ಗಂಟೆ ನಡೆದ ಮೇಲೆ ವಿಭಾಗಗಳ ಸುತ್ತಿಗೆ ಬರಬಹುದು. ಗಣಪತಿ, ದೇವಿ, ಕೃಷ್ಣನ ಬಾಲಲೀಲೆ, ಶಿವ, ಆರತಿ ಮತ್ತು ಲಾಲಿ ಎಂದು ಐದು ಚೀಟಿ ಸಾಕು. ಪ್ರತಿ ವಿಭಾಗದ ಹಾಡುಗಳಿಗೂ ಮೂರು ಹಂತದ ಸುಳಿವುಗಳಿರುವ ಚೀಟಿ ಬರೆದಿಟ್ಟುಕೊಳ್ಳಬೇಕು. ಮೊದಲ ಸುಳಿವು ಹಾಡಿನ ಸಂದರ್ಭ, ಎರಡನೆಯದು ಅಂಕಿತ, ಮೂರನೆಯದು ಮೊದಲ ಅಕ್ಷರ. ಸಂದರ್ಭದಿಂದಲೇ ಹಾಡು ಹಿಡಿದರೆ ಮೂರು ಅಂಕ, ಅಂಕಿತದ ಮೇಲೆ ಎರಡು, ಅಕ್ಷರದ ಮೇಲೆ ಒಂದು. ಬಾಗಿಲು ತೆರೆಸುವ ಕೀರ್ತನೆಗಾದರೆ ‘ಭಕ್ತ ಹೊರಗೆ ನಿಂತಿದ್ದಾನೆ’, ‘ಕಾಗಿನೆಲೆಯ ಆದಿಕೇಶವ’, ‘ಬ’ ಎಂಬ ಕ್ರಮ.

ಕೊನೆಯ ಸುತ್ತು ಚರಣ ಪೂರ್ತಿ ಮಾಡುವುದು. ಇಲ್ಲಿ ಕನ್ನಡ ಪದ್ಯದ ಹಳೆಯ ಗುಣವೊಂದು ನೆರವಿಗೆ ಬರುತ್ತದೆ. ನಮ್ಮಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿರುವುದು ಸಂಪ್ರದಾಯ. ಲಕ್ಷ್ಮಿಯ ಆ ಕೀರ್ತನೆಯ ಮೊದಲ ಚರಣದಲ್ಲಿ ನಾಲ್ಕೂ ಸಾಲುಗಳ ಎರಡನೆಯ ಅಕ್ಷರ ‘ಜ್ಜ’. ನಿರ್ವಾಹಕರು ಮೊದಲ ಸಾಲು ಓದಿದ ಮೇಲೆ ಗುಂಪು ಎಡವಿದರೆ ‘ಎರಡನೆಯ ಅಕ್ಷರ ಜ್ಜ’ ಎಂದಷ್ಟೇ ಹೇಳಿದರೆ ಸಾಕು, ಉಳಿದ ಸಾಲುಗಳು ನಾಲಿಗೆಗೆ ಬಂದುಬಿಡುತ್ತವೆ.

ಪಾಠಾಂತರದ ತಕರಾರು ಬಂದೇ ಬರುತ್ತದೆ. ಧಾರವಾಡದ ಕಡೆಯ ಅತ್ತೆ ಹಾಡಿದ ಚರಣ ಮೈಸೂರಿನ ದೊಡ್ಡಮ್ಮ ಕಲಿತಂತೆ ಇರುವುದಿಲ್ಲ. ಈ ಪದಗಳು ಬಾಯಿಂದ ಬಾಯಿಗೆ ಬಂದವು. ಪುಸ್ತಕ ತೆಗೆದು ಒಬ್ಬರನ್ನು ಸೋಲಿಸುವುದಕ್ಕಿಂತ ಎರಡನ್ನೂ ಒಪ್ಪುವುದೇ ಲೇಸು.

ಹಾಡಿದ್ದನ್ನೇ ಮತ್ತೆ ಹಾಡಬಾರದು ಎಂಬ ನಿಯಮ ನಡೆಸಲು ಒಬ್ಬರು ನೋಟ್‌ಪುಸ್ತಕ ಹಿಡಿದು ಪ್ರತಿ ಹಾಡಿನ ಮೊದಲ ಸಾಲು, ಹಾಡಿದವರ ಹೆಸರು ಬರೆದುಕೊಳ್ಳಬೇಕು. ಆಟ ಮುಗಿದಾಗ ಆ ಪಟ್ಟಿಯಲ್ಲಿ ಅಜ್ಜಿಯ ಹೆಸರಿನ ಮುಂದೆ ಬೇರೆ ಯಾರಿಗೂ ಗೊತ್ತಿಲ್ಲದ ನಾಲ್ಕೈದು ಆರತಿ ಹಾಡುಗಳು ಇರುತ್ತವೆ. ಯಾವ ಪುಸ್ತಕದಲ್ಲೂ ಅಚ್ಚಾಗದೆ, ಅವರ ತವರಿನಿಂದ ಅವರೊಂದಿಗೇ ಬಂದ ಹಾಡುಗಳವು. ಪೂರ್ತಿಯಾಗಿ ಬರೆದುಕೊಳ್ಳಲು ಅಂದಿನ ಸಂಜೆಯೇ ಸರಿಯಾದ ಹೊತ್ತು; ಮುಂದಿನ ಹಬ್ಬಕ್ಕೆ ಹಾಡುವವರು ಇರುತ್ತಾರೆಂದು ಹೇಳುವಂತಿಲ್ಲ.