ಎ-2 ಹಾಲು ಜೀರ್ಣಕ್ಕೆ ಸುಲಭವೇ? ಹೈನುಗಾರರು ಮತ್ತು ಗ್ರಾಹಕರ ಮಾಹಿತಿಗಾಗಿ

ನಾಟಿ ಹಸುವಿನ ‘ಎ-2’ ಹಾಲು ಬೇಗ ಜೀರ್ಣವಾಗುತ್ತದೆ ಎಂಬ ಹೇಳಿಕೆಯೊಡನೆ ಅದನ್ನು ಹೆಚ್ಚಿನ ದರಕ್ಕೆ ಮಾರಲಾಗುತ್ತಿದೆ. ಹಣ ತೆರುವ ಗ್ರಾಹಕರೂ, ಮಿಶ್ರತಳಿ ಹಸುವನ್ನು ಮಾರಬೇಕೇ ಎಂದು ಯೋಚಿಸುವ ಹೈನುಗಾರರೂ ಇದರ ಹಿನ್ನೆಲೆಯನ್ನು ಅರಿಯುವುದು ಅವಶ್ಯಕ.

ಬೀಟಾ ಕೇಸಿನ್ ಹಾಲಿನ ಮುಖ್ಯ ಪ್ರೋಟೀನುಗಳಲ್ಲೊಂದು. 209 ಅಮೈನೋ ಆಮ್ಲಗಳು ಸರಪಳಿಯ ಕೊಂಡಿಗಳಂತೆ ಸೇರಿ ಇದು ರೂಪುಗೊಂಡಿದೆ. ಎ-1 ಮತ್ತು ಎ-2 ವಿಧಗಳನ್ನು ಬೇರ್ಪಡಿಸುವುದು 67ನೆಯ ಕೊಂಡಿ. ಎ-2ರಲ್ಲಿ ಅಲ್ಲಿ ಪ್ರೋಲಿನ್ ಇದ್ದರೆ ಎ-1ರಲ್ಲಿ ಹಿಸ್ಟಿಡಿನ್ ಇರುತ್ತದೆ. ಹಿಸ್ಟಿಡಿನ್ ಇದ್ದೆಡೆ ಸರಪಳಿಯು ಜೀರ್ಣವಾಗುವಾಗ ಸುಲಭವಾಗಿ ತುಂಡಾಗಿ, ಏಳು ಕೊಂಡಿಗಳ ‘ಬಿಸಿಎಂ-7’ ಎಂಬ ತುಣುಕು ಬಿಡುಗಡೆಯಾಗುತ್ತದೆ. ಇದು ಕರುಳಿನ ಚಲನೆಯನ್ನು ನಿಧಾನಗೊಳಿಸಿ ಹೊಟ್ಟೆಯುಬ್ಬರ ತರುತ್ತದೆ ಎಂಬುದು ವಾದದ ತಿರುಳು.

ಈ ವಾದಕ್ಕೆ ಆಧಾರ ಸ್ವಲ್ಪಮಟ್ಟಿಗೆ ಇದೆ. ಹಾಲು ತಮಗೆ ಒಗ್ಗದೆಂದು ಹೇಳಿಕೊಂಡ 45 ಮಂದಿಯ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎ-2 ಹಾಲು ಕುಡಿದಾಗ ತೊಂದರೆ ಕಡಿಮೆ ಕಂಡುಬಂದಿತು. ಆದರೆ ಅದಕ್ಕೆ ಧನಸಹಾಯ ನೀಡಿದ್ದು ಎ-2 ಹಾಲು ಮಾರುವ ಕಂಪನಿಯೇ. ಎ-1 ಹಾಲಿನಿಂದ ಮಧುಮೇಹ, ಹೃದ್ರೋಗ ಬರುತ್ತವೆ ಎಂಬ ಮಾತನ್ನು 2009ರಲ್ಲಿ ಪರಿಶೀಲಿಸಿದ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು ಬಿಸಿಎಂ-7ಕ್ಕೂ ಆ ಕಾಯಿಲೆಗಳಿಗೂ ಕಾರ್ಯಕಾರಣ ಸಂಬಂಧ ಸಿದ್ಧಪಟ್ಟಿಲ್ಲವೆಂದು ತಿಳಿಸಿದೆ.

ಹಾಲು ಕುಡಿದೊಡನೆ ಹೊಟ್ಟೆಯುಬ್ಬುವುದಕ್ಕೆ ಸಾಮಾನ್ಯ ಕಾರಣ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. 200 ಮಿಲಿ ಲೋಟದ ಹಾಲಿನಲ್ಲಿ, ಅದು ಎ-1 ಇರಲಿ ಎ-2 ಇರಲಿ, ಸುಮಾರು 9ರಿಂದ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಹಾಲು ಒಗ್ಗದೆ ಮೊಸರು, ಮಜ್ಜಿಗೆ ಒಗ್ಗುವವರಲ್ಲಿ ಲ್ಯಾಕ್ಟೋಸನ್ನೇ ಮೊದಲು ಶಂಕಿಸಬೇಕು. ಹೆಪ್ಪಿನ ಬ್ಯಾಕ್ಟೀರಿಯಾಗಳು ಅದರ ಒಂದಂಶವನ್ನು ಅರಗಿಸಿರುತ್ತವೆ. ಹಾಲಿನ ಪ್ರೋಟೀನಿನ ಅಲರ್ಜಿ ಇರುವ ಮಕ್ಕಳಿಗೆ ಎ-2 ಹಾಲೂ ಸುರಕ್ಷಿತವಲ್ಲ.

ತಳಿಯ ವಿಚಾರಕ್ಕೆ ಬಂದರೆ, ಹಳ್ಳಿಕಾರ್, ಮಲೆನಾಡು ಗಿಡ್ಡ ಮುಂತಾದ ದೇಶೀ ಹಸುಗಳು ಬಹುತೇಕ ಎ-2. ಎಮ್ಮೆಯ ಹಾಲೂ ಎ-2. ಎಚ್‌ಎಫ್ ಮತ್ತು ಜರ್ಸಿಗಳಲ್ಲಿ ಎರಡೂ ವಿಧಗಳುಂಟು. ಪ್ರತಿ ಹಸು ತಾಯಿಯಿಂದ ಒಂದು, ತಂದೆಯಿಂದ ಒಂದು ವಂಶವಾಹಿಯನ್ನು ಪಡೆಯುವುದರಿಂದ ಮಿಶ್ರತಳಿ ಹಸುವೂ ಶುದ್ಧ ಎ-2 ಆಗಿರಬಹುದು. ಬಣ್ಣ, ಡುಬ್ಬ ನೋಡಿ ನಿರ್ಧರಿಸಲಾಗದು. ಕೂದಲು ಅಥವಾ ರಕ್ತದ ಮಾದರಿಯ ಡಿಎನ್‌ಎ ಪರೀಕ್ಷೆಯೇ ಬೇಕು. ಉದಾಹರಣೆಗೆ, ಎರಡೂ ವಿಧದ ವಂಶವಾಹಿಯುಳ್ಳ ಹಸುವಿಗೆ ಶುದ್ಧ ಎ-2 ಹೋರಿಯ ವೀರ್ಯ ನೀಡಿದಲ್ಲಿ ಹುಟ್ಟುವ ಕರು ಶುದ್ಧ ಎ-2 ಆಗುವ ಸಾಧ್ಯತೆ ಶೇ. 50. ಹೀಗಿರುವಾಗ ಎ-2 ಹಾಲಿನ ಆಸೆಗೆ ಹಸುವನ್ನು ಮಾರುವ ಬದಲು ಹೋರಿಯ ಆಯ್ಕೆಯಿಂದ ಮುಂದಿನ ಪೀಳಿಗೆಯನ್ನು ಬದಲಿಸಬಹುದು.

ಎರಡು ಹಳ್ಳಿಕಾರ್ ಹಸುಗಳ ಹಾಲಿಗೆ ಪರೀಕ್ಷೆಯಾಗದ ಒಂದು ಮಿಶ್ರತಳಿ ಹಸುವಿನ ಹಾಲು ಬೆರೆತರೂ ಆ ಕ್ಯಾನನ್ನು ಎ-2 ಎನ್ನಲಾಗದು. ಆದುದರಿಂದ ಹೆಚ್ಚಿನ ದರ ಕೊಡುವ ಗ್ರಾಹಕರು ತಳಿಯ ಹೆಸರಿಗೆ ತೃಪ್ತರಾಗದೆ, ಪ್ರತಿ ಹಸುವಿನ ಪರೀಕ್ಷಾ ವರದಿಯನ್ನೂ ಹಾಲನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ವ್ಯವಸ್ಥೆಯನ್ನೂ ವಿಚಾರಿಸತಕ್ಕದ್ದು.